ವರ್ಷವಾರಿ ಪಟ್ಟಿಯನ್ನು ಸಮೀಕ್ಷೆ ಎನ್ನಲಾಗದು

ಧರ್ಮದ ಸಮಾಜಶಾಸ್ತ್ರದಲ್ಲಿ ಎಂ.ಎ. ಪ್ರಬಂಧ ಬರೆಯುವವರ ಎರಡನೇ ಅಧ್ಯಾಯದಲ್ಲಿ ಏನಿರುತ್ತದೆ ಎಂಬುದನ್ನು ಪುಟ ತೆರೆಯುವ ಮೊದಲೇ ಹೇಳಬಹುದು. ಮೊದಲಿಗೆ ವೆಬರ್, ಡರ್ಖೈಮ್ ಬರುತ್ತಾರೆ. ಆಮೇಲೆ 1966ರ ಬ್ರಯಾನ್ ವಿಲ್ಸನ್, 1967ರ ಪೀಟರ್ ಬರ್ಜರ್: ಆಧುನಿಕತೆ ಬೆಳೆದಂತೆ ಧರ್ಮ ಕುಗ್ಗುತ್ತದೆ ಎಂದವರು. ಅವರ ಬೆನ್ನಿಗೆ ಅಮೆರಿಕದ ರಾಡ್ನಿ ಸ್ಟಾರ್ಕ್ ಮತ್ತು ಸಂಗಡಿಗರು: ಧರ್ಮಕ್ಕೂ ಮಾರುಕಟ್ಟೆ ಇದೆ, ಪೈಪೋಟಿ ಇದ್ದಲ್ಲಿ ಧರ್ಮ ಚೆನ್ನಾಗಿಯೇ ಬೆಳೆಯುತ್ತದೆ ಎಂದವರು. 1999ರಲ್ಲಿ ಬರ್ಜರ್ ತಮ್ಮ ಹಳೆಯ ಮಾತನ್ನು ಹಿಂದಕ್ಕೆ ಪಡೆಯುತ್ತಾರೆ. ಅದೇ ವರ್ಷ ಸ್ಟಾರ್ಕ್ ಲೌಕಿಕೀಕರಣ ಸಿದ್ಧಾಂತಕ್ಕೆ ಶ್ರದ್ಧಾಂಜಲಿ ಸಲ್ಲಿಸುವ ಶೀರ್ಷಿಕೆಯಲ್ಲೊಂದು ಲೇಖನ ಪ್ರಕಟಿಸುತ್ತಾರೆ. ಹೇಬರ್ಮಾಸರ ಹೆಸರಿನಲ್ಲಿ ಒಂದು ಪ್ಯಾರಾ, ನಂತರ ‘ಹೀಗೆ ಲೌಕಿಕೀಕರಣ ಸಿದ್ಧಾಂತ ಕುಸಿದಿದೆ’ ಎಂಬ ತೀರ್ಮಾನ. ಅಲ್ಲಿಗೆ ಅಧ್ಯಾಯ ಮುಗಿಯಿತು.

ಹುಟ್ಟು, ಬೆಳವಣಿಗೆ, ಮರಣ ಎಂಬ ಈ ವರಸೆಯೇ ಸಾಹಿತ್ಯ ಸಮೀಕ್ಷೆಯ ಸರಿಯಾದ ರೂಪ ಎಂದು ನಮ್ಮ ವಿಭಾಗಗಳಲ್ಲಿ ಗಟ್ಟಿಯಾಗಿ ನಂಬಲಾಗಿದೆ. ಮಾರ್ಗದರ್ಶಕರು ಅದನ್ನೇ ಕೇಳುತ್ತಾರೆ, ಪರೀಕ್ಷಕರು ಅದನ್ನೇ ಮೆಚ್ಚುತ್ತಾರೆ, ವಿದ್ಯಾರ್ಥಿಗಳು ಹಿಂದಿನ ವರ್ಷದ ಪ್ರಬಂಧ ನೋಡಿ ಅದನ್ನೇ ಬರೆಯುತ್ತಾರೆ. ಇದು ಬರಿಯ ಶೈಲಿಯ ವಿಚಾರವಾಗಿದ್ದರೆ ನನಗೆ ತಕರಾರಿರಲಿಲ್ಲ. ಈ ರೂಪ ಓದುಗನಿಗೆ ಸುಳ್ಳು ಹೇಳುತ್ತದೆ. ಸಿದ್ಧಾಂತ ಸತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಸಾಕ್ಷ್ಯವನ್ನೇ ನೋಡದೆ, ಬರೀ ಪ್ರಕಟಣೆಯ ಇಸವಿಗಳಿಂದ ಉತ್ತರ ಕೊಡಿಸುತ್ತದೆ. ಆಮೇಲೆ ಬಂದವನು ಮೊದಲು ಬಂದವನನ್ನು ಸೋಲಿಸಿದ ಎಂಬ ಭಾವನೆ ಇಸವಿಗಳ ಸಾಲಿನಿಂದಲೇ ಹುಟ್ಟಿಬಿಡುತ್ತದೆ.

ಮೊದಲಿಗೆ, ಸತ್ತದ್ದು ಯಾವುದು? ‘ಲೌಕಿಕೀಕರಣ ಸಿದ್ಧಾಂತ’ ಎಂಬ ಒಂದೇ ಒಂದು ಪ್ರತಿಪಾದನೆ ಎಂದೂ ಇರಲಿಲ್ಲ. ಹೋಸೆ ಕಾಸನೋವಾ 1994ರಲ್ಲಿ ಇದನ್ನು ಮೂರು ಎಳೆಯಾಗಿ ಬಿಡಿಸಿಟ್ಟರು. ರಾಜ್ಯ, ಅರ್ಥವ್ಯವಸ್ಥೆ, ವಿಜ್ಞಾನ ಇವು ಧರ್ಮದ ಹಿಡಿತದಿಂದ ಬಿಡಿಸಿಕೊಂಡು ತಮ್ಮದೇ ನಿಯಮಗಳಲ್ಲಿ ನಡೆಯತೊಡಗಿದವು ಎಂಬುದು ಒಂದು. ಜನರ ನಂಬಿಕೆ ಮತ್ತು ಆಚರಣೆ ಕುಗ್ಗುತ್ತದೆ ಎಂಬುದು ಇನ್ನೊಂದು. ಧರ್ಮ ಸಾರ್ವಜನಿಕ ಬದುಕಿನಿಂದ ಮನೆಯೊಳಕ್ಕೆ ಸರಿಯುತ್ತದೆ ಎಂಬುದು ಮೂರನೆಯದು. ಪೋಲೆಂಡ್, ಸ್ಪೇನ್, ಬ್ರೆಜಿಲ್, ಅಮೆರಿಕಗಳನ್ನು ನೋಡಿ ಅವರು ಮೂರನೆಯದು ಆಗಲೇಬೇಕಾದದ್ದಲ್ಲ ಎಂದರು. ಎರಡನೆಯದು ಎಲ್ಲ ಕಡೆಗೂ ಸಲ್ಲುವ ನಿಯಮವಲ್ಲ ಎಂದರು. ಮೊದಲನೆಯದನ್ನು ಮಾತ್ರ ಸಿದ್ಧಾಂತದ ತಿರುಳೆಂದು ಉಳಿಸಿಕೊಂಡರು. ಅದಕ್ಕೂ ಮೊದಲು, 1981ರಲ್ಲೇ, ಬೆಲ್ಜಿಯಂನ ಕಾರೆಲ್ ಡಾಬ್ಬೆಲಾರ ಸಮಾಜ, ಸಂಸ್ಥೆ, ವ್ಯಕ್ತಿ ಎಂಬ ಮೂರು ಸ್ತರಗಳನ್ನು ಬೇರ್ಪಡಿಸಿದ್ದರು. ಒಂದು ಸ್ತರದಲ್ಲಿ ಆದ ಬದಲಾವಣೆ ಇನ್ನೊಂದರಲ್ಲಿ ತಾನಾಗಿ ಆಗುವುದಿಲ್ಲ ಎಂಬುದು ಅವರ ವಾದದ ಸಾರ.

ಈ ಇಬ್ಬರೂ ನಮ್ಮ ಪ್ರಬಂಧಗಳಲ್ಲಿ ಇರುವುದಿಲ್ಲ ಎಂದಲ್ಲ. ಇದ್ದೇ ಇರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾದಂತೆ, ತಮ್ಮ ಇಸವಿಯ ಜಾಗದಲ್ಲಿ. ಅವರು ಇಡೀ ಚರ್ಚೆಯನ್ನು ವಿಂಗಡಿಸಿಕೊಳ್ಳಲು ಕೊಟ್ಟ ಸಾಧನವನ್ನು ವಿದ್ಯಾರ್ಥಿ ಸಾಲಿನಲ್ಲಿ ಇನ್ನೊಂದು ಅಭಿಪ್ರಾಯವಾಗಿ ದಾಖಲಿಸಿ ಮುಂದೆ ಹೋಗುತ್ತಾನೆ. ಹಾಗಾಗಿ ಅವರ ಮುಂಚಿನ ಪ್ಯಾರಾಗಳಲ್ಲಿಯೂ ನಂತರದ ಪ್ಯಾರಾಗಳಲ್ಲಿಯೂ ಆ ವಿಂಗಡಣೆಯ ಸುಳಿವೇ ಇರುವುದಿಲ್ಲ.

ಇದರಿಂದ ಆಗುವ ಹಾನಿಯನ್ನು ಬರ್ಜರರಲ್ಲೇ ನೋಡಬಹುದು. ‘ಬರ್ಜರ್ ತಪ್ಪೊಪ್ಪಿಕೊಂಡರು’ ಎಂಬ ವಾಕ್ಯ ಇಲ್ಲದ ಪ್ರಬಂಧ ನನ್ನ ಕೈಗೆ ಬಂದದ್ದು ಕಡಿಮೆ. ಅವರು 1999ರಲ್ಲಿ ಕೈಬಿಟ್ಟದ್ದು ಆಧುನಿಕತೆ ಬಂದರೆ ಧರ್ಮ ಕುಗ್ಗಲೇಬೇಕು ಎಂಬ ಅನಿವಾರ್ಯತೆಯನ್ನು. ಆಗಲೂ ಪಶ್ಚಿಮ ಯುರೋಪನ್ನೂ ಪಾಶ್ಚಾತ್ಯ ಶಿಕ್ಷಣ ಪಡೆದ ಜಾಗತಿಕ ಬುದ್ಧಿಜೀವಿ ವರ್ಗವನ್ನೂ ಅಪವಾದವಾಗಿ ಇಟ್ಟರು. 2014ರ ಕೊನೆಗಾಲದ ಪುಸ್ತಕದಲ್ಲಂತೂ ಒಂದೇ ಮನುಷ್ಯ ಆಸ್ಪತ್ರೆಯಲ್ಲಿ ಲೌಕಿಕ ತರ್ಕದಲ್ಲಿಯೂ ಪ್ರಾರ್ಥನೆಯ ಹೊತ್ತಿನಲ್ಲಿ ಧಾರ್ಮಿಕ ತರ್ಕದಲ್ಲಿಯೂ ಬದುಕುತ್ತಾನೆ, ಲೌಕಿಕ ಮಾತಿಗೆ ತನ್ನದೇ ಆದ ಕ್ಷೇತ್ರ ಸಿಕ್ಕಿಬಿಟ್ಟಿದೆ ಎಂದು ವಾದಿಸಿದರು. ಇದು ಕಾಸನೋವಾ ಅವರ ಮೊದಲ ಎಳೆಗೆ ತೀರ ಹತ್ತಿರದ ಮಾತು. ಅಂದರೆ ಬರ್ಜರ್ ಒಂದು ಎಳೆಯನ್ನು ಬಿಟ್ಟರು, ಇನ್ನೊಂದನ್ನು ಹೊಸ ರೂಪದಲ್ಲಿ ಹಿಡಿದರು. ಅವರನ್ನು ಒಂದೇ ಪ್ಯಾರಾದಲ್ಲಿ ಕೂರಿಸಿದರೆ ಇದು ಕಾಣುವುದಿಲ್ಲ. ಎರಡು ಬೇರೆ ವಿಭಾಗಗಳಲ್ಲಿ ಎರಡು ಬಾರಿ ಕರೆಸಿದರೆ ಕಾಣುತ್ತದೆ. ಒಬ್ಬ ಲೇಖಕನಿಗೆ ಒಂದೇ ಜಾಗ ಎಂಬ ಕಟ್ಟುಪಾಡನ್ನು ಮುರಿಯದೆ ಈ ವಿಷಯದಲ್ಲಿ ಸಮೀಕ್ಷೆ ಸಾಧ್ಯವಿಲ್ಲ.

ಮಾರುಕಟ್ಟೆ ಸಿದ್ಧಾಂತದ ಪ್ರಸಂಗವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಇಸವಿ ಪಟ್ಟಿ ಎಷ್ಟು ದೊಡ್ಡ ಸಂಗತಿಯನ್ನು ಮುಚ್ಚಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1988ರಲ್ಲಿ ರೋಜರ್ ಫಿಂಕ್ ಮತ್ತು ಸ್ಟಾರ್ಕ್ ಅಮೆರಿಕದ 1906ರ ಧಾರ್ಮಿಕ ಸಂಸ್ಥೆಗಳ ಗಣತಿಯನ್ನು ಇಟ್ಟುಕೊಂಡು 150 ದೊಡ್ಡ ನಗರಗಳನ್ನು ಹೋಲಿಸಿದರು. ಕ್ಯಾಥೊಲಿಕರ ಪಾಲನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ, ಪಂಗಡಗಳ ವೈವಿಧ್ಯ ಹೆಚ್ಚಿದ್ದ ನಗರದಲ್ಲಿ ಚರ್ಚಿನ ಸದಸ್ಯತ್ವವೂ ಹೆಚ್ಚು ಎಂಬ ಫಲಿತಾಂಶ ಬಂತು. ಬಹುತ್ವ ನಂಬಿಕೆಯ ಬುಡ ಸಡಿಲಿಸುತ್ತದೆ ಎಂಬ ಬರ್ಜರರ 1967ರ ವಾದಕ್ಕೆ ಇದು ನೇರ ಎದುರು. ಮರುವರ್ಷವೇ ಕೆವಿನ್ ಬ್ರೋ ಬೇರೆ ದತ್ತಾಂಶದಲ್ಲಿ ತದ್ವಿರುದ್ಧ ಫಲಿತಾಂಶ ತೋರಿಸಿದರು. ಹತ್ತು ಹದಿನೈದು ವರ್ಷ ಒಬ್ಬರು ಧನ ಸಂಬಂಧ ಕಂಡರೆ ಇನ್ನೊಬ್ಬರು ಋಣ ಸಂಬಂಧ ಕಾಣುತ್ತ ಹೋದರು. 2001ರಲ್ಲಿ ಮಾರ್ಕ್ ಚೇವ್ಸ್ ಮತ್ತು ಫಿಲಿಪ್ ಗೋರ್ಸ್ಕಿ 26 ಬರಹಗಳ 193 ವಿಶ್ಲೇಷಣೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಬಹುತ್ವ ಹೆಚ್ಚಾದರೆ ಭಾಗವಹಿಸುವಿಕೆ ಹೆಚ್ಚುತ್ತದೆ ಎಂಬ ಸಾಮಾನ್ಯ ನಿಯಮಕ್ಕೆ ಆಧಾರವಿಲ್ಲ ಎಂದರು. 2002ರಲ್ಲಿ ಡೇವಿಡ್ ವೋಆಸ್, ಡೇನಿಯಲ್ ಓಲ್ಸನ್, ಅಲಸ್ಡೇರ್ ಕ್ರಾಕೆಟ್ ಇನ್ನೂ ಬುಡಕ್ಕೆ ಹೋದರು. ಈ ಸಂಬಂಧದ ಬಹುಪಾಲು ಅಳತೆಯ ಗಣಿತದಿಂದಲೇ ಹುಟ್ಟುವಂಥದ್ದು, ಜನರ ನಡವಳಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ ಎಂದು ತೋರಿಸಿದರು.

ಅದು ಹೇಗೆಂದು ಯಾರು ಬೇಕಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ಬಹುತ್ವ ಸೂಚ್ಯಂಕ ಎಂದರೆ ಊರಿನ ಚರ್ಚ್ ಸದಸ್ಯರಲ್ಲಿ ಯಾರಾದರೂ ಇಬ್ಬರನ್ನು ಆರಿಸಿದಾಗ ಅವರು ಬೇರೆ ಬೇರೆ ಪಂಗಡದವರಾಗಿರುವ ಸಂಭವ. ಸಾವಿರ ಜನರ ಒಂದು ಊರು ಊಹಿಸಿಕೊಳ್ಳಿ. ಅಲ್ಲಿ ನಾಲ್ಕು ಪಂಗಡ, ತಲಾ 100 ಸದಸ್ಯರು. ಭಾಗವಹಿಸುವಿಕೆ ಶೇ. 40, ಸೂಚ್ಯಂಕ 0.75. ಪಕ್ಕದ ಊರಿನಲ್ಲೂ ಸಾವಿರ ಜನ. ಅಲ್ಲಿ ಮೂರು ಪಂಗಡಕ್ಕೆ ತಲಾ 100 ಸದಸ್ಯರು, ನಾಲ್ಕನೆಯದಕ್ಕೆ ಮಾತ್ರ 400. ಭಾಗವಹಿಸುವಿಕೆ ಶೇ. 70ಕ್ಕೆ ಏರಿತು, ಸೂಚ್ಯಂಕ ಸುಮಾರು 0.61ಕ್ಕೆ ಇಳಿಯಿತು. ಇವೆರಡನ್ನೇ ನೋಡಿದವನು ‘ಬಹುತ್ವ ಕಡಿಮೆಯಾದರೆ ಭಕ್ತಿ ಹೆಚ್ಚು, ಬರ್ಜರ್ ಸರಿ’ ಎನ್ನುತ್ತಾನೆ. ಈಗ ಮೂರನೆಯ ಊರು: ದೊಡ್ಡ ಪಂಗಡಕ್ಕೆ ಅದೇ 400, ಮೂರು ಸಣ್ಣವಕ್ಕೆ ತಲಾ 20. ಭಾಗವಹಿಸುವಿಕೆ ಶೇ. 46, ಸೂಚ್ಯಂಕ ಸುಮಾರು 0.24. ಇದನ್ನು ಎರಡನೆಯ ಊರಿನ ಜೊತೆ ಹೋಲಿಸಿದವನು ‘ಬಹುತ್ವ ಹೆಚ್ಚಾದರೆ ಭಕ್ತಿ ಹೆಚ್ಚು, ಸ್ಟಾರ್ಕ್ ಸರಿ’ ಎನ್ನುತ್ತಾನೆ. ಈ ಮೂರೂ ಊರುಗಳಲ್ಲಿ ಯಾವ ಪಾದ್ರಿಯೂ ಯಾರೊಂದಿಗೂ ಪೈಪೋಟಿ ಮಾಡಿಲ್ಲ, ಯಾರ ನಂಬಿಕೆಯೂ ಅಲುಗಾಡಿಲ್ಲ. ಊರಿಂದೂರಿಗೆ ದೊಡ್ಡ ಪಂಗಡದ ಗಾತ್ರ ಹೆಚ್ಚು ಬದಲಾಗುತ್ತದೆಯೋ ಸಣ್ಣವುಗಳದ್ದೋ ಎಂಬುದರ ಮೇಲೆ ಸಂಬಂಧದ ಚಿಹ್ನೆ ನಿಂತಿದೆ.

ಇದು ಗೊತ್ತಾದ ಮೇಲೆ ಸಮೀಕ್ಷೆಯ ಅಧ್ಯಾಯ ಹಳೆಯ ರೂಪದಲ್ಲಿ ಉಳಿಯಲು ಹೇಗೆ ಸಾಧ್ಯ? ಫಿಂಕ್ ಮತ್ತು ಸ್ಟಾರ್ಕರಿಗೆ ಒಂದು ಪ್ಯಾರಾ, ಬ್ರೋಗೆ ಒಂದು, ‘ಈ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ’ ಎಂದು ಒಂದು ಸಾಲು ಬರೆಯುವುದು ಇಲ್ಲಿ ತಪ್ಪು ಮಾಹಿತಿ ಕೊಟ್ಟಂತೆ. ಎರಡು ಪಕ್ಷಗಳು ಸಾಕ್ಷ್ಯ ಎಂದುಕೊಂಡು ತಂದದ್ದು ಸಾಕ್ಷ್ಯವೇ ಆಗಿರಲಿಲ್ಲ ಎಂಬುದು ಇಲ್ಲಿಯ ಸಂಗತಿ. ಇನ್ನೂ ಒಂದು ಎಚ್ಚರ ಬೇಕು. 2002ರ ಲೇಖನ ಮಾರುಕಟ್ಟೆ ಸಿದ್ಧಾಂತವನ್ನು ಸುಳ್ಳೆಂದು ಸಾಧಿಸಲಿಲ್ಲ, ಬರ್ಜರರನ್ನು ಗೆಲ್ಲಿಸಲೂ ಇಲ್ಲ. ಒಂದು ಬಗೆಯ ಲೆಕ್ಕವನ್ನು ಎರಡೂ ಕಡೆಯ ಕೈಯಿಂದ ಕಿತ್ತುಕೊಂಡಿತು, ಅಷ್ಟೆ. ಕಟ್ಟುನಿಟ್ಟಿನ ಚರ್ಚುಗಳು ಏಕೆ ಗಟ್ಟಿಯಾಗಿರುತ್ತವೆ ಎಂಬ ಲಾರೆನ್ಸ್ ಯಾನಕೋನಿಯವರ 1994ರ ವಾದ ಈ ಸೂಚ್ಯಂಕದ ಮೇಲೆ ನಿಂತಿಲ್ಲ. ಅದನ್ನು ಬೇರೆಯಾಗಿಯೇ ತೂಗಬೇಕು. ‘ಬಹುತ್ವ ಭಾಗವಹಿಸುವಿಕೆಯನ್ನು ಹೆಚ್ಚಿಸುತ್ತದೆಯೇ?’ ಎಂಬ ಪ್ರಶ್ನೆಯನ್ನೇ ವಿಭಾಗದ ಶೀರ್ಷಿಕೆ ಮಾಡಿಕೊಂಡವನಿಗೆ ಈ ತೂಕ ತಾನಾಗಿ ಬರುತ್ತದೆ. ‘ಸ್ಟಾರ್ಕ್ ಮತ್ತು ಮಾರುಕಟ್ಟೆ ಸಿದ್ಧಾಂತ’ ಎಂದು ಶೀರ್ಷಿಕೆ ಕೊಟ್ಟವನಿಗೆ ಬರುವುದಿಲ್ಲ. ಅವನ ವಿಭಾಗ 1999ಕ್ಕೆ ಮುಗಿದುಹೋಗಿರುತ್ತದೆ.

ಆ 1999ರ ಬಗ್ಗೆ ಇನ್ನೊಂದು ಮಾತು. ಅಮೆರಿಕವೇ ಸಿದ್ಧಾಂತದ ಗೋರಿ ಎಂದು ಬರೆದುಕೊಳ್ಳುತ್ತಿದ್ದ ಅದೇ ದಶಕದಲ್ಲಿ ಅಮೆರಿಕದಲ್ಲಿ ತಮಗೆ ಯಾವ ಧರ್ಮವೂ ಇಲ್ಲ ಎನ್ನುವವರ ಪ್ರಮಾಣ ಶೇ. 7ರಿಂದ ಶೇ. 14ಕ್ಕೆ ಏರಿತ್ತು. ಮೈಕಲ್ ಹೌಟ್ ಮತ್ತು ಕ್ಲಾಡ್ ಫಿಷರ್ 2002ರಲ್ಲಿ ಇದನ್ನು ದಾಖಲಿಸಿ, ಬಲಪಂಥೀಯ ಕ್ರೈಸ್ತ ರಾಜಕಾರಣದ ಬಗೆಗಿನ ಅಸಮಾಧಾನವೂ ಒಂದು ಕಾರಣ ಎಂದರು. 2016ರಲ್ಲಿ ವೋಆಸ್ ಮತ್ತು ಚೇವ್ಸ್ ಅಮೆರಿಕವೂ ಪೀಳಿಗೆಯಿಂದ ಪೀಳಿಗೆಗೆ ಧರ್ಮದಿಂದ ನಿಧಾನವಾಗಿ ದೂರ ಸರಿಯುತ್ತಿದೆ, ಅದನ್ನು ಅಪವಾದ ಎನ್ನಲಾಗದು ಎಂದು ವಾದಿಸಿದರು. ಮರಣವಾರ್ತೆಗೆ ಒಗ್ಗಿಕೊಂಡ ಅಧ್ಯಾಯದಲ್ಲಿ ಈ ಎರಡು ಲೇಖನಗಳಿಗೆ ಜಾಗವೇ ಇಲ್ಲ, ಏಕೆಂದರೆ ಕಥೆ ಅವುಗಳಿಗೆ ಮುಂಚೆಯೇ ಮುಗಿದಿದೆ.

ಬ್ರಿಟನ್ನಿನ ಪ್ರಸಂಗವೂ ಹೀಗೆಯೇ. ಜನ ಚರ್ಚಿಗೆ ಹೋಗುವುದನ್ನು ಬಿಟ್ಟರೂ ನಂಬುವುದನ್ನು ಬಿಟ್ಟಿಲ್ಲ ಎಂಬ ಗ್ರೇಸ್ ಡೇವಿಯವರ 1994ರ ಸೂತ್ರ ವಿದ್ಯಾರ್ಥಿಗಳಿಗೆ ಬಹಳ ಪ್ರಿಯ. ವೋಆಸ್ ಮತ್ತು ಕ್ರಾಕೆಟ್ 2005ರಲ್ಲಿ ಬ್ರಿಟಿಷ್ ಕುಟುಂಬಗಳ ಮರುಸಮೀಕ್ಷೆಯ ದತ್ತಾಂಶದಲ್ಲಿ ಇದನ್ನು ಪರೀಕ್ಷಿಸಿದಾಗ ನಂಬಿಕೆ, ಹಾಜರಿ, ಗುರುತು ಮೂರೂ ಜೊತೆಜೊತೆಯಾಗಿ ಇಳಿಯುತ್ತಿರುವುದು ಕಂಡಿತು. ಜನ ವಯಸ್ಸಾದಂತೆ ಧರ್ಮ ಬಿಡುತ್ತಿರಲಿಲ್ಲ. ಪ್ರತಿ ಹೊಸ ಪೀಳಿಗೆ ಹಿಂದಿನದಕ್ಕಿಂತ ಕಡಿಮೆ ಧಾರ್ಮಿಕವಾಗಿ ಹುಟ್ಟಿ ಹಾಗೆಯೇ ಉಳಿಯುತ್ತಿತ್ತು. ತಂದೆ ತಾಯಿ ಇಬ್ಬರೂ ಧಾರ್ಮಿಕರಾಗಿದ್ದರೂ ಅದು ಮಗುವಿಗೆ ದಾಟುವ ಸಂಭವ ಸುಮಾರು ಅರ್ಧಕ್ಕರ್ಧ. ಇಬ್ಬರೂ ಧಾರ್ಮಿಕರಲ್ಲದಿದ್ದರೆ ಆ ಇಲ್ಲದಿರುವಿಕೆ ಬಹುತೇಕ ಖಚಿತವಾಗಿ ದಾಟುತ್ತಿತ್ತು. ಈ ಎರಡು ಅಧ್ಯಯನಗಳನ್ನು ಹನ್ನೊಂದು ವರ್ಷ ದೂರದಲ್ಲಿ, ನಡುವೆ ಆರು ಬೇರೆ ಹೆಸರು ತುಂಬಿ ಇಟ್ಟರೆ ಅವು ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಅಕ್ಕಪಕ್ಕ ಇಟ್ಟರೆ, ಡೇವಿಯವರು ಯಾವ ಬಗೆಯ ನಂಬಿಕೆಯನ್ನು ಎಣಿಸಿದರು, ವೋಆಸ್ ಯಾವುದನ್ನು, ‘ಯಾವುದೋ ಒಂದು ಶಕ್ತಿ ಇದೆ’ ಎಂದವನನ್ನು ನಂಬುವವನೆಂದು ಎಣಿಸಬೇಕೇ ಎಂಬ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ.

ಸ್ಟೀವ್ ಬ್ರೂಸರಿಗೆ ಆಗುವ ಅನ್ಯಾಯ ಇನ್ನೊಂದು ಬಗೆಯದು. ಅವರನ್ನು ಹಳೆಯ ಸಿದ್ಧಾಂತದ ಹಠಮಾರಿ ವಕೀಲ ಎಂದು ಪರಿಚಯಿಸಿ, ಇರಾನಿನ 1979ರ ಕ್ರಾಂತಿಯೊಂದನ್ನು ಹೇಳಿ ಮುಗಿಸುತ್ತಾರೆ. ಬ್ರೂಸರ ವಾದ ಇರುವುದು ಪಶ್ಚಿಮದ ಉದಾರ ಕೈಗಾರಿಕಾ ಪ್ರಜಾಪ್ರಭುತ್ವಗಳ ಬಗ್ಗೆ. ಧರ್ಮಕ್ಕೆ ದೇವರ ಕೆಲಸವಲ್ಲದೆ ಬೇರೆ ಕೆಲಸವೂ ಸಿಕ್ಕಿದಾಗ, ಅಂದರೆ ಒಂದು ಜನಾಂಗ ಪರಕೀಯ ಆಳ್ವಿಕೆಯ ಎದುರು ತನ್ನ ಗುರುತನ್ನು ಕಾಯಬೇಕಾದಾಗ, ಅಥವಾ ವಲಸೆ ಹೋದವರು ಹೊಸ ನೆಲದಲ್ಲಿ ನೆಲೆಯೂರಬೇಕಾದಾಗ, ಕುಸಿತ ನಿಲ್ಲುತ್ತದೆ ಎಂದು ಅವರೇ ಬರೆದಿದ್ದಾರೆ. ಕಮ್ಯುನಿಸ್ಟ್ ಆಳ್ವಿಕೆಯ ಪೋಲೆಂಡ್ ಅವರ ವಾದಕ್ಕೆ ಒಳಗೇ ಇದೆ. ಒಂದು ಸಿದ್ಧಾಂತಕ್ಕೆ ಎದುರು ಉದಾಹರಣೆ ತರುವ ಮೊದಲು ಆ ಸಿದ್ಧಾಂತ ತನ್ನ ಗಡಿ ಎಲ್ಲಿ ಹಾಕಿಕೊಂಡಿದೆ ಎಂದು ಒಂದು ಸಾಲಿನಲ್ಲಾದರೂ ಬರೆಯಬೇಕು. ಇದು ಸಮೀಕ್ಷೆಯ ಕನಿಷ್ಠ ಪ್ರಾಮಾಣಿಕತೆ.

ಇನ್ನು ನಮ್ಮಲ್ಲಿಯದೇ ಆದ ಒಂದು ಕೆಟ್ಟ ರೂಢಿ: ‘ವಿದೇಶಿ ಅಧ್ಯಯನಗಳು’, ‘ಭಾರತೀಯ ಅಧ್ಯಯನಗಳು’, ‘ಕರ್ನಾಟಕದ ಅಧ್ಯಯನಗಳು’ ಎಂದು ಅಧ್ಯಾಯವನ್ನು ಭೂಪಟದಂತೆ ಕತ್ತರಿಸುವುದು. ಇದರಿಂದ ಎಂ.ಎನ್. ಶ್ರೀನಿವಾಸರಿಗೆ ಏನಾಗುತ್ತದೆ ನೋಡಿ. ಮೈಸೂರಿನವರೇ ಆದ ಅವರು 1966ರಲ್ಲಿ, ವಿಲ್ಸನ್ ಅವರ ಪುಸ್ತಕ ಬಂದ ವರ್ಷವೇ, ಆಧುನಿಕ ಭಾರತದ ಸಾಮಾಜಿಕ ಬದಲಾವಣೆ ಕುರಿತ ತಮ್ಮ ಪುಸ್ತಕದಲ್ಲಿ ಲೌಕಿಕೀಕರಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಮಡಿ ಮೈಲಿಗೆಯ ಕಲ್ಪನೆ ಸಡಿಲವಾಗುತ್ತಿರುವುದು, ಸಂಸ್ಕಾರಗಳು ಮೊಟಕಾಗಿ ಒಂದರೊಳಗೊಂದು ಸೇರುತ್ತಿರುವುದು, ಉಪನಯನ ಮದುವೆಯ ಜೊತೆಗೇ ನಡೆದುಬಿಡುವುದು ಇಂಥ ಸಣ್ಣ, ಕಣ್ಣಿಗೆ ಕಾಣುವ ಬದಲಾವಣೆಗಳನ್ನು ಅವರು ಗುರುತಿಸಿದರು. ಟಿ.ಎನ್. ಮದನ್ 1987ರಲ್ಲಿ ಬರೆದ ಪ್ರಸಿದ್ಧ ಲೇಖನದ ಕಾಳಜಿ ಬೇರೆ. ರಾಜ್ಯನೀತಿಯಾಗಿ ಸೆಕ್ಯುಲರಿಸಂ ದಕ್ಷಿಣ ಏಷ್ಯಾದಲ್ಲಿ ನೆಲೆ ನಿಲ್ಲಬಲ್ಲದೇ ಎಂಬುದು ಅಲ್ಲಿಯ ಪ್ರಶ್ನೆ. ‘ಭಾರತೀಯ ಅಧ್ಯಯನಗಳು’ ಎಂಬ ತಲೆಬರಹದಡಿ ಇವೆರಡನ್ನೂ ಜೊತೆಗೆ ಕೂರಿಸಿ, ‘ಶ್ರೀನಿವಾಸ್ ಲೌಕಿಕೀಕರಣ ನಡೆದಿದೆ ಎಂದರು, ಮದನ್ ಸಾಧ್ಯವಿಲ್ಲ ಎಂದರು’ ಎಂದು ಬರೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಅವರಿಬ್ಬರ ನಡುವೆ ಅಂಥ ಜಗಳವೇ ಇಲ್ಲ. ಶ್ರೀನಿವಾಸರು ಕೂರಬೇಕಾದದ್ದು ಡಾಬ್ಬೆಲಾರ ಅವರ ವ್ಯಕ್ತಿ ಸ್ತರದ ಚರ್ಚೆಯಲ್ಲಿ, ಧಾರ್ಮಿಕ ಅಧಿಕಾರದ ವ್ಯಾಪ್ತಿ ಕುಗ್ಗುವುದೇ ಲೌಕಿಕೀಕರಣ ಎಂದ ಚೇವ್ಸರ 1994ರ ಲೇಖನದ ಎದುರಿನಲ್ಲಿ. ಅಲ್ಲಿ ಕೂತರೆ ಅವರು ಪ್ರಾದೇಶಿಕ ಉದಾಹರಣೆಯಾಗಿ ಉಳಿಯದೆ ಸಿದ್ಧಾಂತಕ್ಕೆ ಪ್ರಶ್ನೆ ಕೇಳುವವರಾಗುತ್ತಾರೆ.

ಹಾಗಾದರೆ ಕಟ್ಟುವುದು ಹೇಗೆ? ಬರೆಯಲು ಕೂರುವ ಮುಂಚೆ ಒಂದು ದೊಡ್ಡ ಕೋಷ್ಟಕ ಹಾಕಿಕೊಳ್ಳಬೇಕು. ಪ್ರತಿ ಕೃತಿಗೆ ಒಂದು ಸಾಲು. ಮೂರು ಎಳೆಗಳಲ್ಲಿ ಯಾವುದನ್ನು ಪ್ರತಿಪಾದಿಸುತ್ತದೆ, ಯಾವ ಸ್ತರದಲ್ಲಿ, ಯಾವ ದೇಶ ಕಾಲಕ್ಕೆ, ಯಾವ ದತ್ತಾಂಶದಿಂದ, ಏನನ್ನು ಅಳೆದು, ಏನು ಕಂಡಿದ್ದರೆ ತಾನು ತಪ್ಪೆಂದು ಒಪ್ಪುತ್ತಿತ್ತು ಎಂಬವು ಕಾಲಂಗಳು. ಒಂದು ಕೃತಿ ಎರಡು ಎಳೆ ಹಿಡಿದಿದ್ದರೆ ಎರಡು ಸಾಲು. ಅಳತೆಯ ಕಾಲಮನ್ನು ಹಗುರಾಗಿ ನೋಡಬಾರದು. ಅಮೆರಿಕದಲ್ಲಿ ಶೇ. 40ರಷ್ಟು ಜನ ವಾರವಾರ ಚರ್ಚಿಗೆ ಹೋಗುತ್ತಾರೆ ಎಂದು ಆಗ ಹೇಳಲಾಗುತ್ತಿದ್ದುದು ಅವರು ಸಮೀಕ್ಷೆಗಳಲ್ಲಿ ಕೊಟ್ಟ ಉತ್ತರ. ಓಹಾಯೋದ ಆ್ಯಷ್ಟಬ್ಯೂಲ ಕೌಂಟಿಯಲ್ಲಿ ತಲೆ ಎಣಿಸಿ ನೋಡಿದ ಕರ್ಕ್ ಹ್ಯಾಡವೇ, ಪೆನ್ನಿ ಮಾರ್ಲರ್, ಚೇವ್ಸ್ 1993ರಲ್ಲಿ ನಿಜವಾದ ಹಾಜರಿ ಅದರ ಅರ್ಧದಷ್ಟೇ ಎಂದರು. ಹೇಳಿದ್ದನ್ನು ಅಳೆದ ಅಧ್ಯಯನವನ್ನೂ ಎಣಿಸಿದ್ದನ್ನು ಅಳೆದ ಅಧ್ಯಯನವನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಕೋಷ್ಟಕ ತುಂಬಿದ ಮೇಲೆ ಲೇಖಕರ ಹೆಸರಿನ ಕಾಲಮನ್ನು ಮುಚ್ಚಿ, ಉಳಿದವುಗಳಲ್ಲಿ ಒಂದಕ್ಕೊಂದು ತಾಗುವ ಸಾಲುಗಳನ್ನು ಗುಂಪು ಮಾಡಬೇಕು. ಆ ಗುಂಪುಗಳೇ ಅಧ್ಯಾಯದ ವಿಭಾಗಗಳು. ಎಂ.ಎ. ಪ್ರಬಂಧಕ್ಕೆ ಮೂರೋ ನಾಲ್ಕೋ ಸಾಕು. ಪ್ರತಿ ವಿಭಾಗದ ಒಳಗೆ ಇಸವಿಯ ಕ್ರಮ ಇರಲಿ, ಅಲ್ಲಿ ಅದಕ್ಕೆ ಅರ್ಥವಿದೆ. ವೋಆಸ್ ಡೇವಿಗೆ ಉತ್ತರಿಸಿದ್ದು ನಿಜವಾಗಿಯೂ ಆಮೇಲೆಯೇ.

ಎರಡನೇ ಅಧ್ಯಾಯ ಹಾಳಾಗಿದೆಯೇ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಒಂದೇ: ಪ್ಯಾರಾಗಳನ್ನು ಕಲಸಿ ಹಿಂದುಮುಂದು ಮಾಡುತ್ತೇನೆ. ಇಸವಿ ತಪ್ಪಿದ್ದೊಂದು ಬಿಟ್ಟರೆ ಬೇರೇನೂ ಕೆಡದಿದ್ದರೆ ಅಲ್ಲಿ ವಾದವಿಲ್ಲ.

ಎಂ.ಎ. ವಿದ್ಯಾರ್ಥಿಗೆ ಇಷ್ಟು ತೂಗಿ ನೋಡುವ ಶಕ್ತಿ ಎಲ್ಲಿಂದ ಬರಬೇಕು, ಮೊದಲು ಇತಿಹಾಸ ಕಲಿಯಲಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ಮೇಲೆ ಹೇಳಿದ ಮೂರು ಊರಿನ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು. ಇತಿಹಾಸವೆಂದು ಈಗ ಕಲಿಸುತ್ತಿರುವುದೂ ಇತಿಹಾಸವಲ್ಲ. ಡೇವಿಡ್ ಮಾರ್ಟಿನ್ ಲೌಕಿಕೀಕರಣ ಎಂಬ ಪರಿಕಲ್ಪನೆಯನ್ನೇ ಕೈಬಿಡಬೇಕೆಂದು 1965ರಲ್ಲೇ ವಾದಿಸಿದ್ದರು, ಅಂದರೆ ಸಿದ್ಧಾಂತದ ‘ಉಚ್ಛ್ರಾಯ ಕಾಲ’ ಎನ್ನುವ ವಿಲ್ಸನ್, ಬರ್ಜರರ ಪುಸ್ತಕಗಳಿಗೂ ಮುಂಚೆ. ಅವರೇ 1978ರಲ್ಲಿ ಲೌಕಿಕೀಕರಣದ ಒಂದು ಸಾಮಾನ್ಯ ಸಿದ್ಧಾಂತ ಬರೆದರು. ಹುಟ್ಟಿ ಬೆಳೆದು ಸತ್ತ ಕಥೆಗೆ ಮಾರ್ಟಿನ್ ಹೊಂದುವುದಿಲ್ಲವಾದ್ದರಿಂದ ಪ್ರಬಂಧಗಳಲ್ಲಿ ಅವರು ಕಾಣುವುದೇ ಇಲ್ಲ.

ಕೊನೆಯ ತಕರಾರು ‘ಸಂಶೋಧನೆಯ ಅಂತರ’ದ ಬಗ್ಗೆ. ಪಟ್ಟಿಯ ಕೊನೆಗೆ ಬರುವ ಅಂತರ ಯಾವಾಗಲೂ ಒಂದೇ: ಈ ತಾಲ್ಲೂಕಿನಲ್ಲಿ, ಈ ಸಮುದಾಯದಲ್ಲಿ ಯಾರೂ ಅಧ್ಯಯನ ಮಾಡಿಲ್ಲ. ಯಾರೂ ಮಾಡದಿರುವ ತಾಲ್ಲೂಕುಗಳು ಬೇಕಾದಷ್ಟಿವೆ, ಅದು ಕಾರಣವಾಗದು. ಬೆಂಗಳೂರಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಹದಿಮೂರು ದಿನದ ಅಪರಕರ್ಮ ಮೂರು ದಿನಕ್ಕೆ ಇಳಿದಿರುವುದನ್ನು ಅಧ್ಯಯನ ಮಾಡಲು ಹೊರಟ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ಪ್ರಶ್ನೆವಾರು ಕಟ್ಟಿದ ಅಧ್ಯಾಯ ಅವಳ ಮುಂದೆ ಇಡುವ ಅಂತರ ಬೇರೆಯದು. ಮೊಟಕಾದ ಕರ್ಮ ನಂಬಿಕೆ ಕುಗ್ಗಿದ್ದರ ಗುರುತೋ, ಪುರೋಹಿತರ ಮಾತಿಗಿದ್ದ ಅಧಿಕಾರ ಕುಗ್ಗಿದ್ದರ ಗುರುತೋ, ಅಥವಾ ಆಫೀಸಿನ ರಜೆ ಎಂಬ ಲೌಕಿಕ ವ್ಯವಸ್ಥೆ ತನ್ನ ನಿಯಮ ಹೇರಿದ್ದರ ಗುರುತೋ? ಮೊದಲನೆಯದಾದರೆ ಅದೇ ಕುಟುಂಬದ ಮಕ್ಕಳಲ್ಲಿ ಯಾತ್ರೆ, ವ್ರತ, ಮನೆದೇವರ ಹರಕೆಯೂ ಇಳಿದಿರಬೇಕು. ಎರಡನೆಯದಾದರೆ ಅವು ಉಳಿದು, ‘ಎಷ್ಟು ದಿನ ಮಾಡಬೇಕು’ ಎಂದು ನಿರ್ಧರಿಸುವವರು ಬದಲಾಗಿರಬೇಕು. ಮೂರನೆಯದಾದರೆ ನಿವೃತ್ತರ ಮನೆಗಳಲ್ಲಿ ಹದಿಮೂರು ದಿನವೂ ನಡೆಯುತ್ತಿರಬೇಕು. ಯಾರನ್ನು ಭೇಟಿಯಾಗಬೇಕು, ಏನು ಕೇಳಬೇಕು ಎಂಬುದು ಈ ಮೂರು ವಾಕ್ಯಗಳಿಂದಲೇ ಅವಳಿಗೆ ಸಿಗುತ್ತದೆ, ಮೂರನೇ ಅಧ್ಯಾಯ ಅಲ್ಲಿಂದಲೇ ಶುರುವಾಗಬಹುದು.